ಬರಿಗಾಲಿಗೆ ನಲವತ್ತೆರಡು ಹೆಜ್ಜೆ

ಬೆಳಕು ಇನ್ನೂ ಕಣಿವೆಯ ಆಚೆಗಿದೆ. ಅರ್ಬಾ ವೈರಾ ದಿಬ್ಬದ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿಕೊಂಡಿದೆ. ಅದರೊಳಗೆ ಎಲ್ಲೋ ಒಂದು ಪೊರಕೆ ಸರಸರ ಎನ್ನುತ್ತಿದೆ. ಗುಡಿಸುವವರು ಕಾಣುವುದಿಲ್ಲ, ಸದ್ದು ಮಾತ್ರ ಹತ್ತಿರ ಬರುತ್ತದೆ. ಸ್ವಲ್ಪ ಹೊತ್ತಿಗೆ ಮಂಜಿನಿಂದಲೇ ಬಿಡಿಸಿಕೊಂಡು ಬಂದವಳಂತೆ ಒಬ್ಬ ಹೆಂಗಸು ಹೊರಬೀಳುತ್ತಾಳೆ. ತಲೆಯ ಮೇಲೆ ನೆಟೆಲಾ ಎಂಬ ಬಿಳಿಯ ತೆಳು ಹೊದಿಕೆ, ಬರಿಗಾಲು, ಕೈಯಲ್ಲಿ ಹುಲ್ಲಿನ ಪೊರಕೆ. ಪೊರಕೆಯನ್ನು ಗೋಡೆಗೆ ಒರಗಿಸಿ, ಒಳಬಾಗಿಲಿನ ಮರದ ಕಂಬಕ್ಕೆ ಹಣೆ ತಾಗಿಸಿ, ಮುತ್ತಿಟ್ಟು, ಏನೋ ಗೊಣಗುತ್ತಾಳೆ. ಆಮೇಲೆ ಸುರುಳಿ ಸುತ್ತಿಟ್ಟ ಚಾಪೆಗಳನ್ನು ಒಂದೊಂದಾಗಿ ಬಿಡಿಸಿ, ಬಾಗಿಲಿನಿಂದ ದೇಗುಲದ ಮೆಟ್ಟಿಲಿನವರೆಗೆ ಹಾಸತೊಡಗುತ್ತಾಳೆ.

ಇವಳು ಎಂಗುದಾಯ್ ಮೆರ್ಶಾ. ಊರಿನ ಬಾಯಲ್ಲಿ ವೈಜೆರೋ ಎಂಗುದಾಯ್, ಎಂದರೆ ಎಂಗುದಾಯ್ ಅಮ್ಮನವರು. ಗೊಜ್ಜಾಮ್ ಸೀಮೆಯಲ್ಲಿ ಯೇಸುವಿನ ತಾಯಿ ಮರಿಯಮಳ ಈ ದೇಗುಲದ ಒಳಬಾಗಿಲಲ್ಲಿ ಭಕ್ತರ ಚಪ್ಪಲಿ ಕಾಯುವ ಕೆಲಸ ಅವಳದು. ಇಪ್ಪತ್ತೇಳು ವರ್ಷವಾಯಿತು. ಬೇರೆ ದೇಗುಲಗಳಲ್ಲಿ ಕಟ್ಟಡದ ಬಾಗಿಲಿಗೆ ಬಂದು ಜೋಡು ಬಿಡುತ್ತಾರೆ. ಇಲ್ಲಿ ಹಿಂದಿನವರು ಮಾಡಿಟ್ಟ ಕಟ್ಟುಪಾಡು ಬೇರೆ. ಒಳಬಾಗಿಲು ದಾಟಿದರೆ ಮಣ್ಣೂ ಪವಿತ್ರವೇ, ಅಂಗಳಕ್ಕೂ ಬರಿಗಾಲೇ. ಅಲ್ಲಿಂದ ಮೆಟ್ಟಿಲಿಗೆ ನಲವತ್ತೆರಡು ಹೆಜ್ಜೆ. ಅಷ್ಟೂ ಕೆಂಪು ಮಣ್ಣು.

ಒಳಗೆ ಹಾಡುಗಾರರ ದನಿ ಏರಿಳಿಯುತ್ತಿದೆ. ಧೂಪದ ಹೊಗೆ ಮಂಜಿಗೆ ಸೇರಿ ಯಾವುದು ಯಾವುದೆಂದು ತಿಳಿಯುವುದಿಲ್ಲ. ಕಣಿವೆಯ ದಾರಿಯಲ್ಲಿ ಬಿಳಿಯ ಆಕೃತಿಗಳು ಏರಿ ಬರುತ್ತಿವೆ. ನಡೆಯುತ್ತಿವೆಯೋ ತೇಲುತ್ತಿವೆಯೋ ಎಂಬಂತೆ. ಮೊದಲು ಬಂದ ಮುದುಕ ಟೈರಿನ ಅಟ್ಟೆಯ ಚಪ್ಪಲಿ ಬಿಟ್ಟು, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋಗುತ್ತಾನೆ. ಎಂಗುದಾಯ್ ಆ ಜೋಡನ್ನು ಎತ್ತಿ, ನೀಲಗಿರಿ ಮರದ ಹಲಗೆಯ ಮೇಲೆ, ತುದಿ ದಾರಿಯ ಕಡೆಗಿರುವಂತೆ ತಿರುಗಿಸಿ ಇಡುತ್ತಾಳೆ.

"ಒಳಗೆ ಹೋದೋರು ಹೊರಗೆ ಬರ್ತಾರಲ್ಲ," ಎನ್ನುತ್ತಾಳೆ. "ಆಗ ಕಣ್ಣು ಇನ್ನೂ ಒಳಗೇ ಇರತ್ತೆ. ಕಾಲಿಗೆ ತಾನಾಗೇ ದಾರಿ ಸಿಗ್ಲಿ ಅಂತ."

ಸಾಮಾನ್ಯ ದಿನ ನೂರು ಜೊತೆ. ಭಾನುವಾರ ಮುನ್ನೂರು. ತಿಂಗಳ ಇಪ್ಪತ್ತೊಂದು ಮರಿಯಮಳ ದಿನ, ಅವತ್ತು ಏಳುನೂರಕ್ಕೆ ಕಡಿಮೆಯಿಲ್ಲ. ಹಿದಾರ್ ತಿಂಗಳ ಹಬ್ಬಕ್ಕೆ ಹಲಗೆ ಸಾಲದೆ ಕಲ್ಲಿನ ಗೋಡೆಯ ಮೇಲೂ ಆಲಿವ್ ಮರದ ಬೇರಿನ ಮೇಲೂ ಜೋಡುಗಳು. ಚೀಟಿಯಿಲ್ಲ, ಬಿಲ್ಲೆಯಿಲ್ಲ. ಯಾರದು ಯಾವುದೆಂದು ಅವಳಿಗೆ ಗೊತ್ತು. ಹೊಳೆ ದಾಟಿ ಬಂದವರ ಅಟ್ಟೆಗೆ ಮರಳು ಅಂಟಿರುತ್ತದೆ. ತುಂಬು ಬಸುರಿಯರದು ಹಿಮ್ಮಡಿ ಸವೆದಿರುತ್ತದೆ. ಗಂಡನೊಡನೆ ಜಗಳವಾಡಿ ಬಂದವಳು ಒಂದು ಚಪ್ಪಲಿ ಇಲ್ಲಿ, ಇನ್ನೊಂದು ಅಲ್ಲಿ ಎಸೆದು ಹೋಗುತ್ತಾಳೆ. "ಅವಳು ವಾಪಸ್ ಬರೋ ಹೊತ್ತಿಗೆ ಎರಡನ್ನೂ ಒಟ್ಟಿಗೆ ಇಟ್ಟಿರ್ತೀನಿ. ಅಷ್ಟೇ ನನ್ನ ಕೈಲಾಗೋದು," ಎಂದು ನಗುತ್ತಾಳೆ.

ಹಲಗೆಯ ಪಕ್ಕದ ಬುಟ್ಟಿಯಲ್ಲಿ ಒಗೆದು ಮಡಿಸಿದ ನೆಟೆಲಾಗಳಿವೆ. ತಲೆಗೆ ಹೊದಿಕೆ ಮರೆತು ಬಂದ ಹೆಂಗಸರಿಗೆ ಎರವಲು. ಇವತ್ತು ಪೇಟೆಯ ಕಾಲೇಜಿನ ಹುಡುಗಿಯೊಬ್ಬಳು ಬಸ್ಸಿಳಿದು ಬಂದಿದ್ದಾಳೆ. ಕೊಟ್ಟ ಬಟ್ಟೆಯನ್ನು ಆತುರದಲ್ಲಿ ತಲೆಗೆ ಸುತ್ತಿಕೊಂಡಳು. ಬಣ್ಣದ ಅಂಚು ಮುಖದ ಸುತ್ತ ಬಂತು.

"ಅಯ್ಯೋ, ನಿಮ್ಮನೇಲಿ ಯಾರು ಹೋಗ್ಬಿಟ್ರು ಮಗಳೇ?"

ಹುಡುಗಿ ಬೆಚ್ಚಿಬಿದ್ದಳು. "ಯಾರೂ ಇಲ್ಲ! ಯಾಕಮ್ಮಾ?"

"ಮತ್ತೆ ಅಂಚನ್ನ ಮುಖಕ್ಕೆ ತಂದಿದ್ದೀಯಲ್ಲ. ಅದು ಸಾವಿನ ಮನೆ ಹೊದಿಕೆ. ಬಾ ಇಲ್ಲಿ." ಎಂಗುದಾಯ್ ಬಟ್ಟೆ ಬಿಚ್ಚಿ, ಕೂದಲು ಮುಚ್ಚುವಂತೆ ಹೊದಿಸಿ, ಎರಡು ತುದಿಯನ್ನೂ ಎದೆಯ ಮೇಲೆ ಅಡ್ಡಹಾಯಿಸಿ ಆ ಹೆಗಲಿಗೊಂದು ಈ ಹೆಗಲಿಗೊಂದು ಇಳಿಬಿಟ್ಟಳು. "ನೋಡು, ಈಗ ನೀನೇ ಒಂದು ಶಿಲುಬೆ. ದೇಗುಲಕ್ಕೆ ಹೋಗೋದು ಹೀಗೆ."

ಹುಡುಗಿ ಸುಮ್ಮನೆ ಹೋಗುವವಳಲ್ಲ. "ಗಂಡಸರಿಗೆ ಟೋಪಿ ತೆಗೀರಿ ಅಂತೀರಿ. ನಮಗೆ ಮುಚ್ಕೊಳ್ಳಿ ಅಂತೀರಿ. ನಾವೇನು ಕಡಿಮೆಯಾ?"

"ಟೋಪಿ, ಕಿರೀಟ ಎಲ್ಲ ಗಂಡಸಿನ ಜಂಬ. ಅರಸನ ಮುಂದೆ ಅದನ್ನ ತೆಗೆದಿಡ್ತಾನೆ. ಹೆಣ್ಣಿಗೆ ಕೂದಲೇ ಕಿರೀಟ. ಅದನ್ನ ತೆಗೆದು ನನ್ನ ಹಲಗೆ ಮೇಲಿಡೋಕಾಗತ್ತಾ? ಅದಕ್ಕೇ ಮುಚ್ಚೋದು. ಇಬ್ರೂ ಮಾಡೋದು ಒಂದೇ ಕೆಲಸ." ಸ್ವಲ್ಪ ತಡೆದು ಸೇರಿಸಿದಳು: "ಇನ್ನೊಂದು ಮಾತು. ಒಳಗೆ ಗರ್ಭಗುಡೀಲಿ ದೇವರ ನಿಯಮದ ಹಲಗೆ ಇದೆಯಲ್ಲ, ತಾಬೋತ್, ಅದನ್ನ ಯಾರಾದ್ರೂ ಬರಿಗಣ್ಣಲ್ಲಿ ನೋಡಿದಾರಾ? ಪಾದ್ರಿ ತಲೆ ಮೇಲೆ ಹೊತ್ತು ತಂದಾಗಲೂ ಬಟ್ಟೆ ಮೇಲೆ ಬಟ್ಟೆ. ಮುಚ್ಚಿದ್ದೆಲ್ಲ ನಾಚಿಕೆಗೆ ಮುಚ್ಚಿದ್ದಲ್ಲ ಮಗಳೇ. ಬಚ್ಚಿಡೋದು ಬೇರೆ, ಹೊದಿಸೋದು ಬೇರೆ."

ಹುಡುಗಿಗೆ ಒಪ್ಪಿಗೆಯಾಯಿತೋ ಇಲ್ಲವೋ. ಬೂಟು ಬಿಚ್ಚಿ, ಮಂಜಿನೊಳಗೆ ಹೋದಳು.

ಎಂಗುದಾಯ್‌ಗೆ ಈಗ ಐವತ್ತೆಂಟೋ ಅರವತ್ತೋ. ಅವಳ ಗಂಡ ಇದೇ ದೇಗುಲದ ಕಾವಲುಗಾರ. ಅವನು ತೀರಿಕೊಂಡ ಮೇಲೆ ಆಡಳಿತದ ಹಿರಿಯರು ಬಾಗಿಲನ್ನೂ, ಅದರ ಹಿಂದಿನ ಒಂದು ಕೋಣೆಯನ್ನೂ ಅವಳಿಗೆ ಬಿಟ್ಟುಕೊಟ್ಟರು. ಸುಗ್ಗಿಗೆ ಇಷ್ಟು ತೆಫ್ ಧಾನ್ಯ, ಆಗೀಗ ಭಕ್ತರು ಕೊಡುವ ಹುರಿದ ಬಾರ್ಲಿ, ಹಬ್ಬದ ರೊಟ್ಟಿ. ಕೋಣೆಯಲ್ಲಿ ಒಂದು ಕಪ್ಪು ಕಾಫಿ ಕುಡಿಕೆ, ಎರಡು ಕೋಳಿ. ಕಷ್ಟದ ಮಾತೆತ್ತಿದರೆ ಮಾತು ತಿರುಗಿಸುತ್ತಾಳೆ. ಆದರೆ ತಾಯಿಯ ಮಾತೆತ್ತಿದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ.

ತಾಯಿಗೆ ಕಾಲು ಊದಿತ್ತು. ಈ ಕಡೆಯ ಎತ್ತರದ ಊರುಗಳಲ್ಲಿ ಆ ರೋಗ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನೋಡಲು ಆನೆಕಾಲಿನ ಹಾಗೇ, ಆದರೆ ಸೊಳ್ಳೆಯಿಂದ ಬರುವುದಲ್ಲ. ಬರಿಗಾಲಲ್ಲಿ ಕೆಂಪು ಮಣ್ಣು ತುಳಿದು ತುಳಿದು, ಆ ಮಣ್ಣಿನ ಕಣ್ಣಿಗೆ ಕಾಣದ ಪುಡಿ ಚರ್ಮದೊಳಗೆ ಇಳಿದು, ವರ್ಷಾನುಗಟ್ಟಲೆ ಕೂತು ಕಾಲನ್ನು ದಪ್ಪವಾಗಿಸುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆಗ ಇದು ಯಾರಿಗೂ ತಿಳಿದಿರಲಿಲ್ಲ. ಶಾಪ ಎಂದರು, ವಂಶದ ಕೆಟ್ಟ ರಕ್ತ ಎಂದರು. ತಾಯಿ ಇದೇ ದೇಗುಲದ ಹೊರಗೋಡೆಗೆ ಕಿವಿಯಿಟ್ಟು ಪ್ರಾರ್ಥನೆ ಕೇಳಿ ಹಿಂದಿರುಗುತ್ತಿದ್ದಳು.

"ನಾನು ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೀತಿದ್ದೆ," ಎನ್ನುತ್ತಾಳೆ ಎಂಗುದಾಯ್. "ಇವಳು ನನ್ನವಳಲ್ಲ ಅನ್ನೋ ಹಾಗೆ. ಹನ್ನೆರಡು ವರ್ಷ ನನಗೆ. ಅವಳು ಒಂದು ದಿನಾನೂ 'ನಿಲ್ಲು' ಅನ್ಲಿಲ್ಲ."

ನಾಲ್ಕು ವರ್ಷದ ಹಿಂದೆ ಶುರುವಾದದ್ದು ಇದು.

ಫೆಂತಾ ಎಂಬುವನು ಈ ದೇಗುಲದ ಡೋಲುಗಾರ. ದೊಡ್ಡ ಡೋಲನ್ನು ಕೊರಳಿಗೆ ಹಾಕಿಕೊಂಡು ಅವನು ಹಾಡುಗಾರರ ಸಾಲಿನ ನಡುವೆ ನಿಧಾನವಾಗಿ ತೂಗಾಡತೊಡಗಿದರೆ, ಹೊರಗೆ ಕಟ್ಟಿದ ಹೇಸರಗತ್ತೆಗಳೂ ಕಿವಿ ನಿಮಿರಿಸುತ್ತಿದ್ದವಂತೆ. ಅವನ ಕಾಲು ಊದಿತು. ಮೊದಲು ಪಾದ, ಆಮೇಲೆ ಮೊಣಕಾಲಿನ ಕೆಳಗೆ ಪೂರ್ತಿ. ಚರ್ಮ ಬಿರಿದು ವಾಸನೆ ಬಂತು. ಸಾಲಿನಲ್ಲಿ ಅಕ್ಕಪಕ್ಕದವರು ಒಂದೊಂದು ಗೇಣು ಸರಿದರು. ಒಂದು ಹಬ್ಬದ ದಿನ ಅವನು ಡೋಲನ್ನು ಕೆಳಗಿಟ್ಟು ಹೋದವನು ಮತ್ತೆ ಒಳಗೆ ಬರಲಿಲ್ಲ.

ಎರಡು ವರ್ಷದ ಮೇಲೆ, ಒಂದು ಮರಿಯಮಳ ದಿನ, ಎಂಗುದಾಯ್ ಅವನನ್ನು ಹೊರಗೋಡೆಯ ಬಳಿ ಕಂಡಳು. ತಾಯಿ ನಿಲ್ಲುತ್ತಿದ್ದ ಕಡೆಯೇ. ಕಾಲಿಗೆ ಅಳತೆ ಕೊಟ್ಟು ಹೊಲಿಸಿದ, ಎರಡು ರೊಟ್ಟಿಯಷ್ಟು ಅಗಲದ ಚರ್ಮದ ಬೂಟು.

"ಗಾಶೆ ಫೆಂತಾ," ಎಂದಳು, ಹಿರಿಯರನ್ನು ಕರೆಯುವ ಮಾತಿನಲ್ಲಿ. "ನಿಮ್ಮ ಜೋಡು ನನ್ನ ಹಲಗೆಗೆ ಬಂದು ಎಷ್ಟು ದಿನ ಆಯ್ತು? ಹಲಗೆಗೇನು ಹುಳ ಬಿದ್ದಿದೆಯಾ?"

"ನನ್ನ ಜೋಡು ನಿನ್ನ ಹಲಗೇಲಿ ಹಿಡಿಸಲ್ಲ ಕಣಮ್ಮ," ಎಂದ ಫೆಂತಾ. "ಅದನ್ನ ಕೆರೆಗೆ ಒಯ್ದು ದೋಣಿ ಸಾಲಲ್ಲಿ ಕಟ್ಬೇಕು."

ಇಬ್ಬರೂ ನಕ್ಕರು. ಆಮೇಲೆ ಅವನು ಹೇಳಿದ. ಪೇಟೆಯ ಕಾಲಿನ ದವಾಖಾನೆಯಲ್ಲಿ ಒಬ್ಬ ನರ್ಸಮ್ಮ ದಾರಿ ತೋರಿಸಿದ್ದಾಳೆ. ದಿನಾ ಸೋಪು ನೀರಲ್ಲಿ ತೊಳೆದು, ಬೆರಳ ಸಂದು ಒಣಗಿಸಿ, ಮುಲಾಮು ಹಚ್ಚಿ, ಪಟ್ಟಿ ಸುತ್ತಿ, ಕಾಲುಚೀಲ ಹಾಕಿ ಬೂಟು ತೊಡಬೇಕು. ವಾಸನೆ ಹೋಯಿತು, ಜ್ವರ ಬಿಟ್ಟಿತು, ಊತವೂ ಇಳಿಯುತ್ತಿದೆ. ಆದರೆ ಒಂದು ಕಟ್ಟಪ್ಪಣೆ: ಕಾಲು ಇನ್ನೆಂದೂ ಬರಿ ಮಣ್ಣು ಮುಟ್ಟಕೂಡದು.

"ನರ್ಸಮ್ಮ ಬೂಟು ಬಿಚ್ಚಬೇಡ ಅಂತಾಳೆ. ಮರಿಯಮ್ ಬೂಟು ಹಾಕ್ಕೊಂಡು ಬರಬೇಡ ಅಂತಾಳೆ. ಇಬ್ಬರು ಹೆಂಗಸರ ಮಧ್ಯೆ ಸಿಕ್ಕಿ ಇಲ್ಲಿ ಗೋಡೆ ಹಿಡ್ಕೊಂಡು ನಿಂತಿದೀನಿ."

ಅವತ್ತು ಎಂಗುದಾಯ್ ಜೋಡುಗಳನ್ನು ಸರಿಯಾಗಿ ಜೋಡಿಸಲಿಲ್ಲ. ಎರಡು ಮೂರು ಅದಲು ಬದಲಾಗಿ ಬೈಗುಳವೂ ಬಂತು.

ಮಾರನೆಯ ದಿನ ಅವಳು ಅಬ್ಬಾ ಕಿರೋಸ್‌ರ ಹತ್ತಿರ ಹೋದಳು. ಎಂಬತ್ತು ದಾಟಿದ ಹಿರಿಯ ಪಾದ್ರಿ, ಬಿಳಿ ರುಮಾಲು, ಆಲಿವ್ ಮರದ ಕೆಳಗೆ ಚರ್ಮದ ಹಾಳೆಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ನಿದ್ದೆಗೂ ಓದಿಗೂ ನಡುವೆ ಇದ್ದರು. ಅವರ ಕೈಯ ಶಿಲುಬೆಗೆ ಮುತ್ತಿಟ್ಟು, ನೇರವಾಗಿ ಕೇಳಿದಳು: "ಅಬ್ಬಾ, ದೇವರು ಪ್ರವಾದಿ ಮೂಸೆಗೆ ಜೋಡು ಬಿಚ್ಚು ಅಂದದ್ದು ಯಾಕೆ?"

"ಇಪ್ಪತ್ತೈದು ವರ್ಷ ಜೋಡು ಕಾದು ಈಗ ಕೇಳ್ತೀಯಾ?"

"ಈಗ ಬೇಕಾಯ್ತು."

ಅಬ್ಬಾ ಪುಸ್ತಕ ಮುಚ್ಚಿದರು. ಹೇಳತೊಡಗಿದರು. ಉರಿಯುವ ಪೊದೆ, ಉರಿದರೂ ಸುಡದ ಎಲೆಗಳು, ಅದರೊಳಗಿಂದ ಬಂದ ದನಿ: ನೀನು ನಿಂತ ನೆಲ ಪವಿತ್ರ, ಕಾಲಿನ ಜೋಡು ಬಿಚ್ಚು. "ಮೂಸೆ ಕುರಿ ಕಾಯೋನು. ಅವನ ಜೋಡಿಗೆ ಏನೆಲ್ಲ ಅಂಟಿರಬೇಕು ನೋಡು. ದಾರಿ ಧೂಳು, ಸೆಗಣಿ, ಸಂತೆ. ನಮ್ಮ ಜೋಡೂ ಹಂಗೇ. ನಾವು ಎಲ್ಲೆಲ್ಲಿ ಹೋಗಿದ್ವಿ ಅನ್ನೋದಕ್ಕೆ ಅದೇ ಸಾಕ್ಷಿ. ಜಗಳಕ್ಕೆ ಹೋದ ಜೋಡು, ಸುಳ್ಳು ಹೇಳೋಕೆ ಹೋದ ಜೋಡು. ಅದನ್ನ ಹೊರಗೆ ಬಿಡು ಅಂತ. ಮೇಲಾಗಿ ಅದು ಸತ್ತ ಪ್ರಾಣಿ ತೊಗಲು. ಜೀವ ಕೊಡೋನ ಹತ್ರ ಸಾವನ್ನ ತುಳ್ಕೊಂಡು ಬರೋದು ಹೆಂಗೆ? ಇನ್ನೂ ಒಂದಿದೆ. ಹಿಂದೆ ಅರಮನೇಲಿ ಆಳುಗಳಿಗೆ ಜೋಡಿರಲಿಲ್ಲ. ಬರಿಗಾಲು ಅಂದ್ರೆ 'ನಾನು ನಿನ್ನ ಆಳು' ಅಂತ ಬಾಯಿಬಿಡದೆ ಹೇಳೋದು. ಎಲ್ಲಿಗಾದ್ರೂ ಓಡೋಕೆ ಹೊರಟೋನು ಜೋಡು ಹಾಕ್ತಾನೆ. ಬಿಚ್ಚಿದೋನು ನಿಂತ್ಕೋತೀನಿ ಅಂತಾನೆ."

"ಹಾಗಾದ್ರೆ ಫೆಂತಾ ಹೊರಗೇ ಇರಬೇಕಾ?"

ಅಬ್ಬಾ ಮುಚ್ಚಿದ ಪುಸ್ತಕದ ಮೇಲೆ ಕೈಯಾಡಿಸಿದರು. ಎಲೆಗಳ ನಡುವಿನಿಂದ ಬೆಳಕು ಅವರ ರುಮಾಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಅಲುಗುತ್ತಿತ್ತು. "ದೇವರ ಸಿಂಹಾಸನದ ಸುತ್ತ ದೂತರಿದ್ದಾರಲ್ಲ, ಆರು ರೆಕ್ಕೆಯೋರು," ಎಂದರು ಕೊನೆಗೆ. "ಎರಡು ರೆಕ್ಕೇಲಿ ಹಾರ್ತಾರೆ. ಎರಡರಲ್ಲಿ ಮುಖ ಮುಚ್ಕೋತಾರೆ. ಇನ್ನೆರಡರಲ್ಲಿ ಏನು ಮುಚ್ಕೋತಾರೆ ಹೇಳು."

"ಗೊತ್ತಿಲ್ಲ ಅಬ್ಬಾ."

"ಕಾಲು."

ಎಂಗುದಾಯ್ ತನ್ನ ಬರಿಗಾಲನ್ನು ನೋಡಿಕೊಂಡಳು.

"ದಾರಿ ತುಳಿದದ್ದು ಒಳಗೆ ಬರಬಾರದು. ಅಷ್ಟೇ ಕಟ್ಟುಪಾಡು," ಎಂದರು ಅಬ್ಬಾ. "ದಾರೀನೇ ಕಾಣದ ಬಟ್ಟೆ ಕಾಲಿಗಿದ್ರೆ, ಅದು ಜೋಡಲ್ಲ, ಹೊದಿಕೆ. ಆದ್ರೆ ಅಂಗಳದ ಮಣ್ಣಿದೆಯಲ್ಲ? ಬಟ್ಟೆ ಸಂದೀಲೂ ಅದರ ಪುಡಿ ಇಳಿಯತ್ತೆ. ಅದಕ್ಕೆ ನೀನೇ ಏನಾದ್ರೂ ಹುಡುಕು."

ಅದಕ್ಕೆ ಉತ್ತರ ಸಿಕ್ಕಿದ್ದು ಸಂತೆಯಲ್ಲಿ, ಚಾಪೆ ಹೆಣೆಯುವ ಸೈದ್ ನೂರುವಿನ ಹತ್ತಿರ. ಅವನು ಕೆಳಕೇರಿಯ ಮಸೀದಿಗೆ ಹೋಗುವವನು. ಕಥೆ ಕೇಳಿ ತಲೆಯ ಮೇಲಿನ ಬಿಳಿ ಟೋಪಿ ಸರಿಮಾಡಿಕೊಂಡ. "ನಮ್ಮಲ್ಲೂ ಚಪ್ಪಲಿ ಹೊರಗೇ ಅಕ್ಕಾ. ಹಣೆ ಊರೋ ಜಾಗ, ಹೊಲಸಾಗಬಾರದು. ಅದಕ್ಕೇ ಚಾಪೆ. ನಿಮ್ಮಲ್ಲಿ ಗಂಡಸರು ಟೋಪಿ ತೆಗೀತಾರೆ, ನಾವು ಹಾಕ್ಕೋತೀವಿ. ದೊಡ್ಡೋನ ಮುಂದೆ ನಿಂತಿದೀವಿ ಅಂತ ತಲೆಗೆ ನೆನಪಿರಲಿ ಅಂತ. ಕಾಲಿನ ವಿಷಯದಲ್ಲಿ ಮಾತ್ರ ನೀವೂ ನಾವೂ ಒಂದೇ." ಹೊಳೆಯ ಆಪಿನ ಹುಲ್ಲಿನಲ್ಲಿ ಹನ್ನೆರಡು ಚಾಪೆ ಹೆಣೆದುಕೊಡಲು ಒಪ್ಪಿದ.

ಎಂಗುದಾಯ್ ಪೆಟ್ಟಿಗೆ ತೆಗೆದು ಒಂದೇ ಒಂದು ಹೊಸ ನೆಟೆಲಾ ಹೊರತೆಗೆದಳು. ಹಬ್ಬಕ್ಕೆಂದು ಇಟ್ಟದ್ದು, ಒಮ್ಮೆಯೂ ಹೊದ್ದಿರಲಿಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ, ಕತ್ತರಿಸಿ, ಫೆಂತಾನ ಪಾದದ ಅಳತೆಗೆ ಎರಡು ಅಗಲದ ಚೀಲ ಹೊಲಿದಳು. ತಲೆಗೆ ಹೊದೆಯುವ ಬಟ್ಟೆ ಕಾಲಿಗೆ ಬಂತು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಹೆಂಗಸರ ಮರಿಯಮ್ ಸಂಘದ ಮುಖ್ಯಸ್ಥೆ ವೈಜೆರೋ ದಿಂಕೆ, ಗಟ್ಟಿ ದನಿಯ ಗಟ್ಟಿ ಹೆಂಗಸು, ಬಾಗಿಲಿಗೇ ಬಂದು ನಿಂತಳು.

"ಇದೇನು ಎಂಗುದಾಯ್, ಇವತ್ತು ಚಾಪೆ, ನಾಳೆ ಕಂಬಳಿ, ನಾಡಿದ್ದು ಕುದುರೆ ಮೇಲೇ ಕೂತು ಒಳಗೆ ಬರ್ತಾರಾ?"

"ಕುದುರೆಗೂ ಲಾಳ ಬಿಚ್ಚಿಸ್ತೀನಿ ಬಿಡಿ."

"ನಗಬೇಡ. ಆ ಕಾಲಿನ ರೋಗ ಒಳಗೆ ಬಂದ್ರೆ ನಮ್ಮ ಮಕ್ಕಳನ್ನ ಕರ್ಕೊಂಡು ನಾವು ಬರಲ್ಲ. ಚಪ್ಪಲಿ ಕಾಯೋಳು ಚಪ್ಪಲಿ ಕಾಯಿ. ನೇಮ ನಿಯಮ ಹೊಲಿಯೋಕೆ ನಿನಗೆ ಸೂಜಿ ಕೊಟ್ಟೋರ್ಯಾರು?"

ಆಡಳಿತದ ಹಿರಿಯರೂ ಕರೆಸಿದರು. ಇದರಿಂದ ಜನ ಒಡೆದರೆ ಬಾಗಿಲು ಬೇರೆಯವರಿಗೆ ಹೋಗುತ್ತದೆ, ಕೋಣೆಯೂ ಹೋಗುತ್ತದೆ ಎಂದು ಮೆತ್ತಗೆ ಹೇಳಿದರು. ಎಂಗುದಾಯ್ ಕೋಣೆಗೆ ಬಂದು ಕಾಫಿ ಹುರಿದಳು. ಹುರಿದದ್ದು ಕರಕಲಾಯಿತು. "ಹೆದರಿಕೆ ಆಗ್ಲಿಲ್ಲ ಅಂದ್ರೆ ಸುಳ್ಳಾಗತ್ತೆ," ಎನ್ನುತ್ತಾಳೆ ಈಗ. "ಆ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ? ಆದ್ರೆ ಚೀಲ ಹೊಲಿದಾಗಿತ್ತು. ಹೊಲಿದದ್ದನ್ನ ಏನ್ಮಾಡೋದು?"

ಅಬ್ಬಾ ಕಿರೋಸ್ ಯಾರೊಡನೆಯೂ ವಾದಿಸಲಿಲ್ಲ. ಯೇಸು ಸತ್ತು ಮತ್ತೆ ಎದ್ದ ಫಾಸಿಕಾ ಹಬ್ಬದ ಮುಂಚಿನ ಗುರುವಾರ ಫೆಂತಾ ಬರಲಿ ಎಂದರು.

ಆ ಗುರುವಾರ ಪಾದ್ರಿಗಳು ಭಕ್ತರ ಕಾಲು ತೊಳೆಯುವ ದಿನ. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ. ಪ್ರತಿ ವರ್ಷ ಅಂಗಳದಲ್ಲಿ ಬೋಗುಣಿ ಇಟ್ಟು, ಆಲಿವ್ ಎಲೆ ಅದ್ದಿ ತೊಳೆಯುತ್ತಾರೆ. ಆ ವರ್ಷ ಅಬ್ಬಾ ನಡುವಿಗೆ ಬಿಳಿ ವಸ್ತ್ರ ಬಿಗಿದು, ಬೋಗುಣಿಯನ್ನು ತಾವೇ ಎತ್ತಿಕೊಂಡು, ನೀರು ತುಳುಕಿಸುತ್ತ ನಲವತ್ತೆರಡು ಹೆಜ್ಜೆ ನಡೆದು ಒಳಬಾಗಿಲಿಗೆ ಬಂದರು. ಸಾಲಿನ ಸಾಲು ಬಿಳಿ ಹೊದಿಕೆಗಳು ತಿರುಗಿದವು.

"ಫೆಂತಾ, ಬಾ. ಮೊದಲು ನೀನು."

ಫೆಂತಾ ಹೊರಗೋಡೆ ಬಿಟ್ಟು ಬರಲಿಲ್ಲ. ಎಂಗುದಾಯ್ ಹೋಗಿ ತೋಳು ಹಿಡಿದಳು. "ನಿಮ್ಮ ದೋಣಿ ನನ್ನ ಹತ್ರ ಕಟ್ಟಿ ಗಾಶೆ. ಮುಳುಗಿಸಲ್ಲ."

ಬಾಗಿಲ ಬಳಿಯ ಕಲ್ಲಿನ ಮೇಲೆ ಅವನು ಕೂತ. ಬೂಟು ಬಿಚ್ಚಿದ. ಕಾಲುಚೀಲ ಬಿಚ್ಚಿದ. ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚಿದ. ಎಂಗುದಾಯ್ ಆ ಬೂಟು ಎತ್ತಿ ಹಲಗೆಯ ಮೇಲೆ ದಾರಿಯ ಕಡೆ ಮುಖ ಮಾಡಿ ಇಟ್ಟಳು. ಎರಡು ಜೊತೆಯ ಜಾಗ ಹಿಡಿಯಿತು. ಅಬ್ಬಾ ನೆಲಕ್ಕೆ ಕೂತು ಅವನ ಪಾದವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ತೊಳೆದರು. ಅವಸರವಿಲ್ಲ. ಒಂದೊಂದು ಬೆರಳು, ಬೆರಳ ಸಂದು, ಉಬ್ಬಿದ ಮಡಿಕೆಗಳ ನಡುವೆ. ಎಲೆಯಿಂದ ನೀರು ಹನಿಯುವ ಸದ್ದು ಹೊರಗೋಡೆಯವರೆಗೆ ಕೇಳಿತು ಎನ್ನುತ್ತಾರೆ ನೋಡಿದವರು. ಒರೆಸಿ, ಪಾದಕ್ಕೆ ಮುತ್ತಿಟ್ಟು, ಕೈ ಚಾಚಿದರು. ಅವಳು ಮುಲಾಮು ಕೊಟ್ಟಳು, ಹೊಸ ಪಟ್ಟಿ ಕೊಟ್ಟಳು. ಆಮೇಲೆ ಬಿಳಿ ಚೀಲ.

ಫೆಂತಾ ಎದ್ದ. ಚಾಪೆಯ ಮೇಲೆ ಕಾಲಿಟ್ಟ. ಹೊಸ ಆಪು ಹೊಳೆಯ ವಾಸನೆ ಬೀರುತ್ತ ಕಿರುಗುಟ್ಟಿತು. ಒಂದು ಚಾಪೆ, ಎರಡು ಚಾಪೆ. ಎಂಗುದಾಯ್ ಪಕ್ಕದಲ್ಲಿ ಬರಿಗಾಲಲ್ಲಿ ನಡೆದಳು. ಮುಂದೆ ಹೋಗಲಿಲ್ಲ, ಹಿಂದೆಯೂ ಉಳಿಯಲಿಲ್ಲ. ಹನ್ನೆರಡನೆಯ ಚಾಪೆ ಮುಗಿಯಿತು. ಮೆಟ್ಟಿಲು ಇನ್ನೂ ಆರು ಹೆಜ್ಜೆ ಆಚೆಗಿತ್ತು.

ಅವಳ ಲೆಕ್ಕ ತಪ್ಪಿತ್ತು. ತನ್ನ ಹೆಜ್ಜೆಯಲ್ಲಿ ಅಳೆದು ಚಾಪೆ ಹೇಳಿದ್ದಳು, ಸೈದ್ ತನ್ನ ಮೊಳದಲ್ಲಿ ಹೆಣೆದಿದ್ದ. ಎದುರಿಗೆ ಬೋಳು ಕೆಂಪು ಮಣ್ಣು. ಫೆಂತಾ ನಿಂತುಬಿಟ್ಟ. ಎಲ್ಲೋ ಒಂದು ಕಡೆ ಯಾರೋ ಮುಸಿ ನಕ್ಕರು. ದಿಂಕೆಯ ದನಿ ಕೇಳಿಸಿತು: "ಮರಿಯಮ್ಮೇ ಸಾಕು ಅಂದಳು ನೋಡಿ."

ಎಂಗುದಾಯ್ ಹಿಂದಕ್ಕೆ ತಿರುಗಿ ನೋಡಿದಳು. ಅವನು ತುಳಿದು ಬಂದ ಚಾಪೆಗಳು ಸುಮ್ಮನೆ ಬಿದ್ದಿದ್ದವು. ಹೋಗಿ ಮೊದಲನೆಯದನ್ನು ಎತ್ತಿ, ಮಗುಚದೆ, ಕೊಡವದೆ, ತಂದು ಅವನ ಮುಂದೆ ಹಾಸಿದಳು. ಆಮೇಲೆ ಎರಡನೆಯದು. "ನಡೀರಿ ಗಾಶೆ. ಹಿಂದಿಂದು ಮುಂದೆ ಬಂದ್ರೆ ಆಯ್ತಲ್ಲ." ಮೆಟ್ಟಿಲು ಬಂತು. ಫೆಂತಾ ದೇಗುಲದ ಬಾಗಿಲ ಕಂಬವನ್ನು ತಬ್ಬಿಕೊಂಡು ಮುಖ ಒತ್ತಿದ. ಅವನ ಬೆನ್ನು ಅಲುಗುವುದು ಮಾತ್ರ ಕಾಣುತ್ತಿತ್ತು.

ಫಾಸಿಕಾಕ್ಕೆ ಮುಂಚಿನ ಉಪವಾಸದ ಐವತ್ತೈದು ದಿನ ದೇಗುಲದಲ್ಲಿ ಡೋಲು ಬಾರಿಸುವಂತಿಲ್ಲ. ಹಾಗಾಗಿ ಅವತ್ತು ಅವನು ಡೋಲು ಮುಟ್ಟಲಿಲ್ಲ. ಮೂರು ದಿನದ ಮೇಲೆ, ಫಾಸಿಕಾದ ಬೆಳಕು ಹರಿಯುವಾಗ, ಒಳಗಿನಿಂದ ಒಂದು ಪೆಟ್ಟು ಬಂತು. ತಡೆದು ಇನ್ನೊಂದು. ಎಂಗುದಾಯ್ ಬಾಗಿಲಲ್ಲಿದ್ದಳು. ಒಳಗೆ ಹೋಗುವಂತಿಲ್ಲ, ಸಾವಿರ ಜೊತೆ ಜೋಡುಗಳಿದ್ದವು. "ಕೈ ಯಾರದು ಅಂತ ಗೊತ್ತಾಯ್ತು. ಅಷ್ಟು ಸಾಕಾಗಿತ್ತು," ಎನ್ನುತ್ತಾಳೆ. "ಎದುರಿಗಿದ್ದ ಚಪ್ಪಲಿಗಳೆಲ್ಲ ಕಿವಿಗೊಟ್ಟು ಕೇಳೋ ಹಾಗಿದ್ವು. ಕನಸೋ ಏನೋ ಅನ್ನಿಸ್ತು ನನಗೆ."

ಕೆಲವು ಮನೆಯವರು ಎರಡು ತಿಂಗಳು ಬರಲಿಲ್ಲ. ದವಾಖಾನೆಯ ನರ್ಸಮ್ಮ ಒಂದು ಭಾನುವಾರ ಬಂದು, ಇದು ಅಂಟುವ ರೋಗವಲ್ಲ, ಮಣ್ಣಿನ ರೋಗ ಎಂದು ಅಂಗಳದಲ್ಲೇ ನಿಂತು ಹೇಳಿಹೋದಳು. ಒಬ್ಬೊಬ್ಬರಾಗಿ ಮರಳಿದರು. ಬಾಗಿಲೂ ಕೋಣೆಯೂ ಎಂಗುದಾಯ್‌ಗೇ ಉಳಿದವು. ಸೈದ್ ಇನ್ನೆರಡು ಚಾಪೆ ಹೆಣೆದು ತಂದು, ತನ್ನ ಮೊಳವನ್ನು ತಾನೇ ಬೈದುಕೊಂಡ.

ಮಳೆಗಾಲ ಮುಗಿದ ಮೇಲೆ ಒಂದು ಬೆಳಗ್ಗೆ, ಇನ್ನೂ ಯಾರೂ ಬಂದಿರದ ಹೊತ್ತಿಗೆ, ದಿಂಕೆ ಬಂದಳು. ಜೊತೆಗೆ ಮುಖವೆಲ್ಲ ಹೊದ್ದ ಇನ್ನೊಬ್ಬಳು, ನಿಧಾನ ನಡಿಗೆ. ದಿಂಕೆಯ ತಮ್ಮನ ಹೆಂಡತಿ. ಒಂಬತ್ತು ವರ್ಷದಿಂದ ಮನೆಯ ಹಿಂದಿನ ಕೋಣೆಯಲ್ಲಿದ್ದವಳು. ಊರಿಗೆ ಅವಳು ತವರಿಗೆ ಹೋಗಿದ್ದಾಳೆಂದು ಹೇಳಿದ್ದರು.

"ಚೀಲ ಇದೆಯಾ?" ಎಂದಳು ದಿಂಕೆ, ಬೇರೆ ಕಡೆ ನೋಡುತ್ತ.

"ಯಾವ ಅಳತೆ?" ಎಂದಳು ಎಂಗುದಾಯ್. ಬೇರೆ ಏನನ್ನೂ ಕೇಳಲಿಲ್ಲ. ನೀರು ಕಾಯಿಸಿದಳು.

ಈಗ ಹನ್ನೊಂದು ಜನ ಬರುತ್ತಾರೆ. ಹನ್ನೊಂದು ಜೊತೆ ಬಿಳಿ ಚೀಲ, ಒಂದೊಂದಕ್ಕೂ ಒಂದೊಂದು ಬಣ್ಣದ ದಾರದ ಗುರುತು. ಅವು ಬಾಗಿಲಿನಿಂದ ಹೊರಗೆ ಹೋಗುವುದಿಲ್ಲ. ಸೇವೆ ಮುಗಿದ ಮೇಲೆ ತೊಳೆದು ನೆಟೆಲಾಗಳ ಪಕ್ಕದಲ್ಲೇ ಒಣಹಾಕುತ್ತಾಳೆ. ತಲೆಯದು, ಕಾಲಿನದು ಒಂದೇ ಹಗ್ಗಕ್ಕೆ. ಹೆಂಗಸರು ಯಾರೋ ಕೇಳಿದ್ದರಂತೆ, ತಲೆಯ ಬಟ್ಟೆಯ ಜೊತೆ ಕಾಲಿನ ಬಟ್ಟೆ ಹಾಕಬಹುದೇ ಎಂದು. "ಸೂರ್ಯನಿಗೆ ಗೊತ್ತಾಗಲ್ಲ ಬಿಡಿ," ಎಂದಿದ್ದಳಂತೆ.

ಬಿಸಿಲು ಏರಿದೆ. ಮಂಜು ಕಣಿವೆಗೆ ಇಳಿದು ಕರಗುತ್ತಿದೆ. ಪ್ರಾರ್ಥನೆ ಮುಗಿದು ಜನ ಹೊರಬರುತ್ತಿದ್ದಾರೆ. ಎಂಗುದಾಯ್ ಕಾಫಿ ಬಗ್ಗಿಸಿ ಬೆಳಗಿನಿಂದ ಮೊದಲ ಬಾರಿಗೆ ಕೂರುತ್ತಾಳೆ. ಅವಳ ಆಸೆಯೇನು ಎಂದರೆ ತಕ್ಷಣ ಹೇಳುವುದಿಲ್ಲ. ಬಾಗಿಲಿನಿಂದ ಓಡಿ ಹೋಗುವ ಮಕ್ಕಳನ್ನು ತೋರಿಸುತ್ತಾಳೆ. ಏಳೆಂಟು ಮಕ್ಕಳು, ಹಲಗೆಯ ಕಡೆ ತಿರುಗದೆ ನೇರ ದಾರಿಗಿಳಿಯುತ್ತವೆ. ಬರಿಗಾಲಲ್ಲೇ ಬಂದವರು, ಬರಿಗಾಲಲ್ಲೇ ಕೆಂಪು ಮಣ್ಣು ಹಾರಿಸುತ್ತ ಹೊಲದ ಕಡೆ.

"ಅವರಿಗೆ ಇಲ್ಲಿ ಬಿಡೋಕೆ ಏನೂ ಇಲ್ಲ ನೋಡಿ," ಎನ್ನುತ್ತಾಳೆ. "ದೇವರು ಬಿಚ್ಚು ಅಂದದ್ದು ಜೋಡು ಇದ್ದೋನಿಗೆ. ಇಲ್ಲದೋರು ಏನನ್ನ ಬಿಚ್ತಾರೆ? ಊರಿನ ಒಂದೊಂದು ಮಗೂಗೂ ಒಂದೊಂದು ಜೊತೆ ಆಗ್ಲಿ. ಬಂದು ನನ್ನ ಮುಂದೆ ಧಡಧಡ ಬಿಚ್ಚಿ ಎಸೆದು ಒಳಗೆ ಓಡ್ಲಿ."

ಲೋಟದ ಕಾಫಿ ಮುಗಿಸಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಎದ್ದಳು.

"ಎಷ್ಟು ಬಂದ್ರೂ ಜೋಡಿಸ್ತೀನಿ. ಜಾಗ ಸಾಲದಿದ್ರೆ ಹಲಗೆ ಹೊಡೆಸಿದರಾಯ್ತು."